ಎರಡು ಪಂಪು, ಒಂದು ಗೇಜು: ಪಿ ಆ್ಯಂಡ್ ಐಡಿ ಓದಲು ಒಂದು ದಾರಿ

"ಸರ್, ಆಪರೇಟರ್ ಟ್ರೈನಿ ಆಗಿ ಸೇರಿ ಮೂರು ವಾರ ಆಯ್ತು. ಪಿ ಆ್ಯಂಡ್ ಐಡಿ ಶೀಟು ಕೈಗೆ ಕೊಟ್ಟು ಓದ್ಕೋ ಅಂದ್ರು. ವಾಲ್ವ್, ಪಂಪ್, ಗೇಜ್ ಗುರುತು ಎಲ್ಲಾ ಒಂದೇ ಥರ ಕಾಣ್ತವೆ. ಬಾಯಿಪಾಠ ಮಾಡ್ಲಾ?"

ಬಾಯಿಪಾಠ ಬೇಡ. ಪಿ ಆ್ಯಂಡ್ ಐಡಿ ಅಂದರೆ ಪ್ಲಾಂಟಿನ ಪೈಪು, ಪಂಪು, ವಾಲ್ವು, ಗೇಜು ಹೇಗೆ ಜೋಡಿಸಿವೆ ಅಂತ ತೋರಿಸುವ ಡ್ರಾಯಿಂಗ್, ಅಷ್ಟೇ. ಈ ಪ್ರಶ್ನೆಯ ಕೆಳಗೆ ಬಂದ ಕಾಮೆಂಟುಗಳಿಗೂ ಕೊನೆಯಲ್ಲಿ ಉತ್ತರ ಹೇಳುತ್ತೇನೆ. ನಿಮ್ಮ ಸೆಕ್ಷನ್ನಿನಲ್ಲಿ ಒಂದು ಜೋಡಿ ಪಂಪ್ ಹಿಡಿದುಕೊಳ್ಳಿ. ಟ್ಯಾಂಕಿನಿಂದ ಹೊರಟು, ನೀರು ಹೋಗುವ ದಾರಿಯಲ್ಲೇ ಬೆರಳಿಟ್ಟು ಹೋಗಿ. ನಾನು ಬಾಯ್ಲರ್ ಕಡೆಯವನು, ಅದಕ್ಕೆ ಡಿಎಂ ವಾಟರ್, ಅಂದರೆ ಲವಣ ತೆಗೆದ ನೀರಿನ ಪಂಪ್ P-101A ಮತ್ತು P-101B ಇಟ್ಟುಕೊಂಡು ಹೇಳುತ್ತೇನೆ. ಟ್ಯಾಂಕಿನಿಂದ ನೀರು ಎಳೆದು, ನೀರಿನಲ್ಲಿ ಕರಗಿದ ಗಾಳಿ ತೆಗೆಯುವ ಡಿಏರೇಟರಿಗೆ ಕಳಿಸುವ ಪಂಪುಗಳು. ಒಂದು ಓಡುತ್ತಿರುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ.

ಅದಕ್ಕೂ ಮೊದಲು ಡ್ರಾಯಿಂಗ್ ಸೆಟ್ಟಿನ ಮೊದಲ ಹಾಳೆ, ಲೆಜೆಂಡ್ ಶೀಟ್, ತೆಗೆಸಿಕೊಳ್ಳಿ. ಗುರುತುಗಳಿಗೆ ಐಎಸ್ಎ 5.1 ಅಂತ ಸ್ಟ್ಯಾಂಡರ್ಡ್ ಇದೆ ನಿಜ. ಆದರೆ ಒಂದೊಂದು ಕಂಪನಿ ಒಂದೊಂದು ಥರ ತಿರುಚಿಕೊಂಡಿರುತ್ತದೆ. ಪ್ರೆಷರ್ ಗೇಜನ್ನು ಒಂದು ಕಡೆ PI ಅಂತ ಬರೆದರೆ ಇನ್ನೊಂದು ಕಡೆ PG ಅಂತ ಇರುತ್ತದೆ. ನಿಮ್ಮ ಪ್ಲಾಂಟಿನ ಲೆಜೆಂಡ್ ಹೇಳಿದ್ದೇ ಕೊನೆ ಮಾತು.

ಈಗ ಟ್ಯಾಂಕಿನಿಂದ ಹೊರಡೋಣ. ಮೊದಲು ಸಿಗುವುದು ಅಡ್ಡ ಮಲಗಿಸಿದ ಡಮರುಗ. ಎರಡು ತ್ರಿಕೋನ ಮೂತಿಗೆ ಮೂತಿ ಕೊಟ್ಟಂತೆ. ಅದು ಸಕ್ಷನ್ ಗೇಟ್ ವಾಲ್ವ್. ಡಮರುಗದ ನಡುವೆ ಕಪ್ಪು ಚುಕ್ಕೆ ಇದ್ದರೆ ಗ್ಲೋಬ್, ಖಾಲಿ ಸೊನ್ನೆ ಇದ್ದರೆ ಬಾಲ್ ವಾಲ್ವ್. ಆಮೇಲೆ ಸ್ಟ್ರೈನರ್. ಅದಾದ ಮೇಲೆ ವೃತ್ತ, ಅದರ ಅಂಚಿನಿಂದ ಮೂತಿ ಹೊರಟಿದೆ. ಅದು ಸೆಂಟ್ರಿಫ್ಯೂಗಲ್ ಪಂಪ್. ಪಂಪ್ ದಾಟಿದ ಮೇಲೆ ಸಣ್ಣ ಕವಲು, ಅದರ ಮೇಲೊಂದು ಪುಟ್ಟ ವಾಲ್ವ್, ತುದಿಗೆ ವೃತ್ತದೊಳಗೆ PI-101A. ವೃತ್ತದೊಳಗೆ ಅಡ್ಡಗೆರೆ ಇಲ್ಲ ಅಂದರೆ ಗೇಜು ಫೀಲ್ಡಿನಲ್ಲೇ ಇದೆ, ನೀವೇ ಹೋಗಿ ನೋಡಬೇಕು. ಅಡ್ಡಗೆರೆ ಇದ್ದರೆ ಕಂಟ್ರೋಲ್ ರೂಮಿನದು. ವೃತ್ತದ ಸುತ್ತ ಚೌಕ ಇದ್ದರೆ ಪ್ಲಾಂಟ್ ನಡೆಸುವ ಕಂಪ್ಯೂಟರ್ ವ್ಯವಸ್ಥೆಯ, ಅಂದರೆ ಡಿಸಿಎಸ್ಸಿನ ಸ್ಕ್ರೀನಿನಲ್ಲಿ ಕಾಣುತ್ತದೆ. ಗೇಜು ದಾಟಿದ ಮೇಲೆ ನೀರು ವಾಪಸ್ ಬರದಂತೆ ತಡೆಯುವ ಎನ್‌ಆರ್‌ವಿ, ಅದರಾಚೆ ಡಿಸ್ಚಾರ್ಜ್ ವಾಲ್ವ್, ಅದರಾಚೆ ಎರಡೂ ಪಂಪು ಸೇರುವ ಹೆಡರ್.

ಇಲ್ಲಿ ಸ್ವಲ್ಪ ನಿಲ್ಲಿ. ಗೇಜು ಎನ್‌ಆರ್‌ವಿಯ ಯಾವ ಕಡೆ ಇದೆ? ಗುರುತು ಗೊತ್ತಿದ್ದೂ ಈ ಪ್ರಶ್ನೆ ಕೇಳಿಕೊಳ್ಳದೆ ನಾನು ಒಮ್ಮೆ ಮೋಸ ಹೋದೆ.

ಆಗ ನಾನೂ ಹೊಸಬ. ನೈಟ್ ಶಿಫ್ಟ್. A ಪಂಪ್ ಓಡುತ್ತಿತ್ತು. ದಿನಾ ಚದರ ಸೆಂಟಿಮೀಟರಿಗೆ 5.2 ಕೆಜಿ ಇರುತ್ತಿದ್ದ ಹೆಡರ್ ಪ್ರೆಷರ್ ಅವತ್ತು 4.4. ನಿಂತಿರುವ B ಪಂಪಿನ ಗೇಜು 3 ಕೆಜಿ ತೋರಿಸುತ್ತಿತ್ತು. ನಿಂತ ಪಂಪಿಗೆ ಎಲ್ಲಿಂದ ಪ್ರೆಷರ್, ಗೇಜು ಹೋಗಿದೆ ಅಂದುಕೊಂಡೆ. ಬದಲಿಸಿ ಅಂತ ಇನ್ಸ್ಟ್ರುಮೆಂಟಿನವರಿಗೆ ಲಾಗ್ ಬುಕ್ಕಿನಲ್ಲಿ ಬರೆದು ಕೂತೆ. ಬೆಳಗ್ಗೆ ಬಂದ ಹಿರಿಯ ಆಪರೇಟರ್ ಮಾತೇ ಆಡದೆ B ಪಂಪಿನ ಹತ್ತಿರ ಕರೆದುಕೊಂಡು ಹೋಗಿ ಕಪ್ಲಿಂಗ್ ಗಾರ್ಡಿನ ಜಾಲರಿಯೊಳಗೆ ಟಾರ್ಚ್ ಬಿಟ್ಟರು. ಶಾಫ್ಟ್ ಹಿಂದಕ್ಕೆ ತಿರುಗುತ್ತಿತ್ತು.

ಲೆಕ್ಕ ಸುಲಭ. ಗೇಜು ಇರುವುದು ಪಂಪಿಗೂ ಎನ್‌ಆರ್‌ವಿಗೂ ನಡುವೆ. ಟ್ಯಾಂಕಿನಲ್ಲಿ 5 ಮೀಟರ್ ನೀರಿತ್ತು. ಸಕ್ಷನ್ ತೆರೆದು ನಿಂತಿರುವ ಪಂಪಿನ ಗೇಜು ಸುಮಾರು ಅರ್ಧ ಕೆಜಿ ತೋರಿಸಬೇಕು, ಅಷ್ಟೇ. 3 ತೋರಿಸಿದರೆ ಹೆಡರಿನ ನೀರು ವಾಪಸ್ ಬರುತ್ತಿದೆ ಅಂತ ಅರ್ಥ. ಎನ್‌ಆರ್‌ವಿಯ ಫ್ಲಾಪ್ ತೆರೆದೇ ಸಿಕ್ಕಿಕೊಂಡಿತ್ತು. ಗೇಜು ಸರಿಯಾಗೇ ಇತ್ತು. ಅದೇ ಹೊತ್ತಿಗೆ A ಟ್ರಿಪ್ ಆಗಿ B ಆಟೋ ಸ್ಟಾರ್ಟ್ ಆಗಿದ್ದರೆ? ಹಿಂದಕ್ಕೆ ತಿರುಗುವ ಪಂಪನ್ನು ಮುಂದಕ್ಕೆ ಎಳೆಯಲು ಹೋಗಿ ಮೋಟರ್ ಟ್ರಿಪ್ ಆಗುತ್ತಿತ್ತು, ಶಾಫ್ಟ್ ಮುರಿದರೂ ಮುರಿಯುತ್ತಿತ್ತು.

ಮೂರು ಎಚ್ಚರಿಕೆ. ಎನ್‌ಆರ್‌ವಿ ಸ್ವಲ್ಪವೇ ಪಾಸ್ ಆಗುತ್ತಿದ್ದರೆ ಗೇಜಿನಲ್ಲಿ ಗೊತ್ತಾಗುವುದಿಲ್ಲ, ಆ ನೀರು ಪಂಪಿನೊಳಗೆ ಹಾದು ಟ್ಯಾಂಕಿಗೆ ಹೋಗಿಬಿಡುತ್ತದೆ. ಇನ್ನೊಂದು, ಪಂಪನ್ನು ಐಸೊಲೇಟ್ ಮಾಡುವಾಗ ಮೊದಲು ಡಿಸ್ಚಾರ್ಜ್ ಮುಚ್ಚಿ, ಆಮೇಲೆ ಸಕ್ಷನ್. ಉಲ್ಟಾ ಮಾಡಿದರೆ ಪಾಸ್ ಆಗುವ ಎನ್‌ಆರ್‌ವಿಯಿಂದ ಹೆಡರ್ ಪ್ರೆಷರ್ ಪೂರ್ತಿ ಸಕ್ಷನ್ ಕಡೆಯ ಸ್ಟ್ರೈನರಿಗೂ ಪೈಪಿಗೂ ಬೀಳುತ್ತದೆ. ಆ ಭಾಗ ಅಷ್ಟು ತಡೆಯುವಂತೆ ಮಾಡಿರುವುದಿಲ್ಲ. ಗೇಜಿನ ಕೆಳಗಿನ ಪುಟ್ಟ ವಾಲ್ವ್ ಮುಚ್ಚಿದ್ದರೆ ಹಳೆಯ ಪ್ರೆಷರೇ ಒಳಗೆ ಸಿಕ್ಕಿಕೊಂಡು ಮುಳ್ಳು ಸುಮ್ನೆ ನಿಂತಿರುತ್ತದೆ, ಅದನ್ನೂ ನೋಡಿ.

ಕಾಮೆಂಟಿನಲ್ಲಿ ಒಬ್ಬರು "ಕಪ್ಪು ತುಂಬಿದ್ದರೆ ಮುಚ್ಚಿದ ವಾಲ್ವ್, ಖಾಲಿ ಇದ್ದರೆ ತೆರೆದ ವಾಲ್ವ್, FC ಅಂದ್ರೂ ಅದೇ" ಅಂತ ಬರೆದಿದ್ದಾರೆ. ಮೊದಲರ್ಧ ಸರಿ. ಡಮರುಗ ಪೂರ್ತಿ ಕಪ್ಪಾಗಿದ್ದರೆ ಅದು ಸಾಮಾನ್ಯವಾಗಿ ಮುಚ್ಚಿಡುವ ವಾಲ್ವ್, ಅಂದರೆ NC. ನಡುವಿನ ಚುಕ್ಕೆ ಮಾತ್ರ ಕಪ್ಪಾಗಿದ್ದರೆ ಅದು ಗ್ಲೋಬ್, ತೆರೆದಿದೆಯೋ ಮುಚ್ಚಿದೆಯೋ ಆ ಚುಕ್ಕೆ ಹೇಳುವುದಿಲ್ಲ. FC ಅಂತೂ ಬೇರೆಯೇ ಕಥೆ. ನಮ್ಮ ಹೆಡರಿನಿಂದ ಡಿಏರೇಟರಿಗೆ ಹೋಗುವ ದಾರಿಯಲ್ಲಿ ನೀರಿನ ಮಟ್ಟ ನೋಡಿಕೊಳ್ಳುವ ಕಂಟ್ರೋಲ್ ವಾಲ್ವ್ LV-201 ಇದೆ, ಡಮರುಗದ ಮೇಲೆ ಕೊಡೆ ಬಿಡಿಸಿದ ಹಾಗೆ. ಆ ಕೊಡೆ ಗಾಳಿಯಲ್ಲಿ ಕೆಲಸ ಮಾಡುವ ಡಯಾಫ್ರಮ್. ಪಕ್ಕದಲ್ಲಿ FC ಇದ್ದರೆ ಗಾಳಿ ಹೋದಾಗ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಮಿಕ್ಕ ಹೊತ್ತು ದಿನವಿಡೀ ಅರ್ಧ ತೆರೆದೇ ಓಡುತ್ತಿರುತ್ತದೆ. ಕೆಲವು ಡ್ರಾಯಿಂಗಿನಲ್ಲಿ ಅಕ್ಷರದ ಬದಲು ಕಾಂಡದ ಮೇಲೆ ಬಾಣ ಇರುತ್ತದೆ. ವಾಲ್ವಿನ ಕಡೆಗೆ ಇದ್ದರೆ FC, ಮೇಲಕ್ಕೆ ಇದ್ದರೆ FO, ಅಂದರೆ ಗಾಳಿ ಹೋದಾಗ ತೆರೆದುಕೊಳ್ಳುವುದು. ಆ ಕಂಟ್ರೋಲ್ ವಾಲ್ವಿನ ಬೈಪಾಸಿನಲ್ಲಿರುವ ಗ್ಲೋಬ್ ಮಾತ್ರ NC. ಗಾಳಿ ಬಂದರೂ ಹೋದರೂ ಅದಕ್ಕೆ ಸಂಬಂಧವಿಲ್ಲ, ನೀವು ಕೈಯಲ್ಲಿ ತಿರುಗಿಸಿದರೆ ಮಾತ್ರ ತೆರೆಯುತ್ತದೆ.

ಆ ಕಾಮೆಂಟಿನ ಕೆಳಗೆ ಬಾಯ್ಲರ್ ಫೀಡ್ ವಾಲ್ವ್ FO ಇರಬೇಕೋ, ಇದ್ದ ಜಾಗದಲ್ಲೇ ನಿಲ್ಲಬೇಕೋ ಅಂತ ಜಗಳ ನಡೆದಿದೆ. ಎರಡೂ ಥರದ ಪ್ಲಾಂಟ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಡ್ರಮ್ಮಿನಲ್ಲಿ ನೀರು ಕಮ್ಮಿಯಾದರೆ ಟ್ಯೂಬ್ ಸುಟ್ಟು ಹೋಗುತ್ತದೆ ಅನ್ನುವವರು FO ಅನ್ನುತ್ತಾರೆ. ನೀರು ಜಾಸ್ತಿಯಾಗಿ ಸ್ಟೀಮ್ ಲೈನಿಗೆ ನುಗ್ಗಿದರೆ ಟರ್ಬೈನ್ ಗತಿ ಏನು ಅನ್ನುವವರು ಇನ್ನೊಂದು. ನನಗಂತೂ ಎರಡೂ ಮಾತು ಸರಿ ಅನ್ನಿಸುತ್ತದೆ. ಟ್ರೈನಿಗೆ ಆ ಜಗಳ ಬೇಡ, ನಿಮ್ಮ ಡ್ರಾಯಿಂಗಿನಲ್ಲಿ ಏನಿದೆ ನೋಡಿ.

ಒಂದು ಮಾತು ಬಿಟ್ಟುಹೋಯಿತು. ಎಲ್ಲ ವೃತ್ತವೂ ಸೆಂಟ್ರಿಫ್ಯೂಗಲ್ ಅಲ್ಲ. ಅಳತೆ ಮಾಡಿ ಕೆಮಿಕಲ್ ಹಾಕುವ ಡೋಸಿಂಗ್ ಪಂಪಿನ ಗುರುತು ಬೇರೆ ಬೇರೆ ಥರ ಇರುತ್ತದೆ. ಡಿಸ್ಚಾರ್ಜ್ ವಾಲ್ವಿಗಿಂತ ಮೊದಲೇ ರಿಲೀಫ್ ವಾಲ್ವ್ ಇದ್ದು, ಅದರ ಲೈನು ಟ್ಯಾಂಕಿಗೋ ಸಕ್ಷನ್ನಿಗೋ ವಾಪಸ್ ಹೋಗಿದ್ದರೆ ಅದು ಡೋಸಿಂಗ್ ಪಂಪ್ ಇರಬಹುದು ಅಂತ ಅನುಮಾನ ಪಡಿ. ಸೆಂಟ್ರಿಫ್ಯೂಗಲ್ಲನ್ನು ಡಿಸ್ಚಾರ್ಜ್ ಮುಚ್ಚಿ ಸ್ಟಾರ್ಟ್ ಮಾಡಿ ಕೂಡಲೇ ತೆರೆಯುವ ಅಭ್ಯಾಸ ಇದೆ. ಡೋಸಿಂಗ್ ಪಂಪಿಗೆ ಹಾಗೆ ಮಾಡಿದರೆ ಆ ರಿಲೀಫ್ ವಾಲ್ವ್ ಒಂದೇ ಕಾಪಾಡಬೇಕು.

ಹೊಲಕ್ಕೆ ಡ್ರಿಪ್ ಹಾಕಿರುವ ಅಣ್ಣ, ನಿಮ್ಮ ಬೋರಿನ ಗೇಜಿನ ಮುಳ್ಳು ಯಾಕೆ ಕುಣಿಯುತ್ತೆ ಅಂತ ಕಾಮೆಂಟಿನಲ್ಲಿ ಕೇಳಿದ್ದೀರಿ. ಅದು ಬೇರೆ ವಿಷಯ, ಆದರೂ ಹೇಳುತ್ತೇನೆ. ಬೋರ್‌ವೆಲ್ ಗೇಜಿನ ಮುಳ್ಳು ಕುಣಿಯುತ್ತಿದ್ದರೆ ಮೊದಲು ನೀರು ನೋಡಿ. ನೀರೂ ಬಿಟ್ಟು ಬಿಟ್ಟು ಬಂದರೆ ಗಾಳಿ ಎಳೆಯುತ್ತಿದೆ, ಬೋರಿನಲ್ಲಿ ನೀರು ಇಳಿದಿರಬಹುದು. ನೀರು ಒಂದೇ ಸಮ ಬರುತ್ತಿದ್ದರೆ ಗೇಜಿನ ಕೆಳಗಿನ ಕಾಕ್ ಸ್ವಲ್ಪ ಬಿಗಿ ಮಾಡಿ, ಇಲ್ಲವೇ ಗ್ಲಿಸರಿನ್ ತುಂಬಿದ ಗೇಜು ಹಾಕಿ. ಫಿಲ್ಟರಿನ ಹಿಂದೆ ಒಂದು, ಮುಂದೆ ಒಂದು ಗೇಜಿಟ್ಟು ವ್ಯತ್ಯಾಸ ನೋಡಿ ತೊಳೆಯುತ್ತೇನೆ ಅಂದಿರಲ್ಲ, ನಮ್ಮ ಡ್ರಾಯಿಂಗಿನಲ್ಲಿ ಅದೇ ಕೆಲಸಕ್ಕೆ ಒಂದೇ ವೃತ್ತದಲ್ಲಿ PDI ಅಂತ ಬರೆದಿರುತ್ತಾರೆ.