ಎಟಿಪಿಕಲ್ ಲಿಂಫೋಸೈಟ್ ಅಂದರೆ ಬ್ಲಡ್ ಕ್ಯಾನ್ಸರಾ?

"ಮಗನಿಗೆ 17 ವರ್ಷ. ಹತ್ತು ದಿನದಿಂದ ಜ್ವರ, ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು. ರಿಪೋರ್ಟಿನಲ್ಲಿ ಎಟಿಪಿಕಲ್ ಲಿಂಫೋಸೈಟ್ 20% ಅಂತ ಬರೆದಿದ್ದಾರೆ. ಇದು ಲ್ಯುಕೇಮಿಯಾನಾ?"

ಬರೀ ಈ ಸಂಖ್ಯೆಯಿಂದ ಹಾಗೆ ಹೇಳಲು ಬರುವುದಿಲ್ಲ. ಎಟಿಪಿಕಲ್ ಲಿಂಫೋಸೈಟ್ ಅಂದರೆ ಮಾಮೂಲಿಗಿಂತ ಬೇರೆ ಆಕಾರದಲ್ಲಿ ಕಾಣುವ ಒಂದು ಬಗೆಯ ಬಿಳಿ ರಕ್ತಕಣ, ಅಷ್ಟೇ. ನಾನು ಕಲಬುರಗಿಯ ಒಂದು ಲ್ಯಾಬಿನಲ್ಲಿ ರಕ್ತದ ಸ್ಲೈಡ್ ನೋಡುವವನು. ನಿಮ್ಮ ಮಗನಂಥದೇ ಒಂದು ಕೇಸ್ ಹೇಳುತ್ತೇನೆ.

ಸೇಡಂ ಕಡೆಯ ಕಾಲೇಜು ಹುಡುಗ. ಬಿಳಿ ಕಣ 18,400, ಅದರಲ್ಲಿ ಲಿಂಫೋಸೈಟ್ 70%. ಕೌಂಟರ್ ಯಂತ್ರ 'ಬ್ಲಾಸ್ಟ್ ಇರಬಹುದು', ಅಂದರೆ ಲ್ಯುಕೇಮಿಯಾದಲ್ಲಿ ಕಾಣುವ ಬಲಿಯದ ಕಣ ಇರಬಹುದು, ಎಂದು ಎಚ್ಚರಿಸಿತ್ತು. ಅವರಪ್ಪ ಬಾಗಿಲಲ್ಲೇ ನಿಂತು, "ಸರ, ಹೈದ್ರಾಬಾದಿಗೆ ಒಯ್ಯಬೇಕೇನ್ರಿ?" ಎಂದು ಕೇಳಿದರು.

ಸ್ಲೈಡ್ ನೋಡಿ ನಾನೂ ತಡವರಿಸಿದೆ. ಬೆಳಿಗ್ಗೆ ಸೇಡಂನಲ್ಲಿ ತೆಗೆದ ರಕ್ತ ಬೇಸಿಗೆಯ ಬಿಸಿಲಲ್ಲಿ ಬಸ್ಸಿನಲ್ಲಿ ಬಂದಿತ್ತು. ರಕ್ತ ಹೆಪ್ಪುಗಟ್ಟದಂತೆ ಇಡುವ ಇಡಿಟಿಎ ಟ್ಯೂಬಿನಲ್ಲಿ ಹೊತ್ತು ಜಾಸ್ತಿ ಆದರೆ ಕಣಗಳ ಆಕಾರ ಕೆಡುತ್ತದೆ. ಎರಡು ಕಣಗಳನ್ನು ಬ್ಲಾಸ್ಟ್ ಎಂದು ಬರೆಯುವುದರಲ್ಲಿದ್ದೆ. ಬರೆಯದೆ, ಹುಡುಗನನ್ನು ಕರೆಸಿ ಹೊಸ ರಕ್ತ ತೆಗೆದು ಕೂಡಲೇ ಸ್ಲೈಡ್ ಎಳೆದೆ.

ಈಗ ಚಿತ್ರ ಬೇರೆಯೇ ಇತ್ತು. ಒಂದು ಕಣ ಇದ್ದ ಹಾಗೆ ಇನ್ನೊಂದಿಲ್ಲ. ದೊಡ್ಡ ಕಣ, ನ್ಯೂಕ್ಲಿಯಸ್ ಸುತ್ತ ಧಾರಾಳ ತಿಳಿನೀಲಿ ಸೈಟೋಪ್ಲಾಸಂ. ಅಂಚು ಕೈಯಲ್ಲಿ ತಟ್ಟಿದ ರೊಟ್ಟಿಯ ಹಾಗೆ ಏರುಪೇರು. ಕೆಂಪು ಕಣ ತಗುಲಿದಲ್ಲಿ ಅದಕ್ಕೆ ಅಂಟಿಕೊಂಡು ಒಳಬಾಗಿತ್ತು, ಅಲ್ಲಿ ನೀಲಿ ಬಣ್ಣ ಗಾಢವಾಗಿತ್ತು. ಲ್ಯುಕೇಮಿಯಾದ ಬ್ಲಾಸ್ಟ್‌ಗಳು ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಇರುತ್ತವೆ. ನ್ಯೂಕ್ಲಿಯಸ್ಸೇ ಕಣವನ್ನೆಲ್ಲ ತುಂಬಿರುತ್ತದೆ, ಅದರೊಳಗಿನ ಕ್ರೊಮ್ಯಾಟಿನ್ ನಯವಾಗಿರುತ್ತದೆ, ನ್ಯೂಕ್ಲಿಯೋಲಸ್ ಕಾಣುತ್ತದೆ. ಆದರೆ ವೈರಸ್ ಜ್ವರದ ಕಣದಲ್ಲೂ ಒಮ್ಮೊಮ್ಮೆ ನ್ಯೂಕ್ಲಿಯೋಲಸ್ ಕಾಣುವುದುಂಟು. ಹಾಗಾಗಿ ಒಂದೇ ಕಣ ನೋಡಿ ತೀರ್ಮಾನ ಮಾಡಬಾರದು, ಇಡೀ ಸ್ಲೈಡ್ ನೋಡಬೇಕು.

ಈ ತರತರದ ಆಕಾರಕ್ಕೆ ಕಾರಣವಿದೆ. ಹುಡುಗನಿಗೆ ಇದ್ದದ್ದು ಮಾನೋನ್ಯೂಕ್ಲಿಯೋಸಿಸ್, ಜ್ವರ, ಗಂಟಲು ನೋವು, ಕುತ್ತಿಗೆಯ ಗಂಟು ತರುವ ವೈರಸ್ ಕಾಯಿಲೆ. ಅದನ್ನು ತರುವ ಎಪ್‌ಸ್ಟೈನ್-ಬಾರ್ ವೈರಸ್ ಸೇರುವುದು ಬಿ ಲಿಂಫೋಸೈಟ್‌ಗಳೊಳಗೆ. ಸ್ಲೈಡಿನಲ್ಲಿ ವಿಚಿತ್ರವಾಗಿ ಕಾಣುವವು ಹೆಚ್ಚಾಗಿ ಅವನ್ನು ಕೊಲ್ಲಲು ಎದ್ದ ಟಿ ಲಿಂಫೋಸೈಟ್‌ಗಳು. ಒಂದೊಂದು ಒಂದೊಂದು ಹಂತದಲ್ಲಿರುತ್ತದೆ.

ಆ ಹುಡುಗನ ಹಿಮೋಗ್ಲೋಬಿನ್ 13.2, ಪ್ಲೇಟ್‌ಲೆಟ್ 1.6 ಲಕ್ಷ. ಅಕ್ಯೂಟ್ ಲ್ಯುಕೇಮಿಯಾದಲ್ಲಿ ಮೂಳೆ ಮಜ್ಜೆ ಬ್ಲಾಸ್ಟ್‌ನಿಂದ ತುಂಬಿ ಇವೆರಡೂ ಸಾಮಾನ್ಯವಾಗಿ ಇಳಿಯುತ್ತವೆ. ಪ್ಲೇಟ್‌ಲೆಟ್ ಒಂದನ್ನೇ ನಂಬಬೇಡಿ. ನಮ್ಮ ಕಡೆ ಮಳೆಗಾಲದ ಡೆಂಗಿಯಲ್ಲೂ ಅದು ಇಳಿಯುತ್ತದೆ, ಇಂಥ ಕಣಗಳೂ ಬರುತ್ತವೆ. ಮಾನೋನ್ಯೂಕ್ಲಿಯೋಸಿಸ್ ಪತ್ತೆಗೆ ಮಾಡುವ ಮಾನೋಸ್ಪಾಟ್ ಪರೀಕ್ಷೆ ಅವನಿಗೆ ಮೊದಲು ನೆಗೆಟಿವ್, ವಾರದ ನಂತರ ಪಾಸಿಟಿವ್. ಶುರುವಿನಲ್ಲಿ ಹೀಗಾಗುವುದು ಹೊಸದಲ್ಲ. ಮೂರು ವಾರಕ್ಕೆ ಕೌಂಟ್ ಇಳಿಯಿತು.

ನೀವು ಕೇಳಬೇಕಾದದ್ದು: ಸ್ಲೈಡನ್ನು ಪೆಥಾಲಜಿಸ್ಟ್ ಕಣ್ಣಾರೆ ನೋಡಿದ್ದಾರಾ, ರಕ್ತ ತಾಜಾ ಇತ್ತಾ? ಹಿಮೋಗ್ಲೋಬಿನ್ ಇಳಿದಿದ್ದರೆ, ಒಸಡಿನಲ್ಲಿ ರಕ್ತ, ಮೂಳೆ ನೋವು ಇದ್ದರೆ, ಇಲ್ಲವೇ ಸ್ಲೈಡ್ ನೋಡಿ ಅನುಮಾನ ಉಳಿದರೆ ಕಣಗಳ ಬಗೆ ಗುರುತಿಸುವ ಫ್ಲೋ ಸೈಟೋಮೆಟ್ರಿ ಪರೀಕ್ಷೆ ಬೇಕು, ತಡಮಾಡಬೇಡಿ. ಅಲ್ಲಿಯವರೆಗೆ ಗಂಟು ಕರಗಲಿ ಅಂತ ಸುಮ್ನೆ ಸ್ಟೆರಾಯ್ಡ್ ಕೊಡಿಸಬೇಡಿ. ಲ್ಯುಕೇಮಿಯಾ ಇದ್ದರೆ ಅದು ಕೆಲ ದಿನ ಮರೆಯಾಗಿಬಿಡುತ್ತದೆ. ಮಾನೋ ಅಂತಲೇ ಗೊತ್ತಾದರೆ ಒಂದು ತಿಂಗಳು ಕಬಡ್ಡಿ ಬೇಡ. ಗುಲ್ಮ ಊದಿರುತ್ತದೆ, ಏಟು ಬಿದ್ದರೆ ಒಡೆಯಬಹುದು.