ಪ್ರಶ್ನೆ ಮೊದಲ ಸಾಲಿಗೆ ಬರಲಿ

“ಸಂಪ್ ಕ್ಲೀನಿಂಗ್ ಬಗ್ಗೆ ಅಪಾರ್ಟ್‌ಮೆಂಟ್ ಗ್ರೂಪ್‌ಗೆ ಉದ್ದದ ಮೆಸೇಜ್ ಹಾಕಿದೆ: ಮೊದಲು ಹೋದ ವರ್ಷ ಕ್ಲೀನ್ ಮಾಡಿಸದ ಕಥೆ, ಆಮೇಲೆ ಭಾನುವಾರ ಮಾಡಿಸೋಣ ಅಂತಿದ್ದೇವೆ, ಬೆಳಿಗ್ಗೆ ನೀರು ಇರಲ್ಲ, ಪಂಪ್ ರಿಪೇರಿನೂ ಮಾಡಿಸೋಣವಾ, ಕೊನೆಗೆ ಪ್ರತಿ ಮನೆಯಿಂದ 300 ರೂಪಾಯಿ ಕೊಡ್ತೀರಾ ಅಂತ. ಎಲ್ಲರೂ ಓದಿದ್ದಾರೆ, ಯಾರೂ ಉತ್ತರ ಕೊಟ್ಟಿಲ್ಲ. ಹೇಗೆ ಬರೆಯಬೇಕಿತ್ತು?”

ನಿಮ್ಮ ಪ್ರಶ್ನೆ ಕೊನೆಯ ಸಾಲಿನಲ್ಲಿದೆ. ಉದ್ದದ ಮೆಸೇಜನ್ನು ವಾಟ್ಸಾಪ್ ಅರ್ಧಕ್ಕೇ ಮಡಚಿ Read more ತೋರಿಸುತ್ತದೆ. ಅದನ್ನು ಒತ್ತದವರಿಗೆ ಕಂಡದ್ದು ಹೋದ ವರ್ಷದ ಕಥೆ ಮಾತ್ರ.

ಒಂದೊಂದೇ ವಾಕ್ಯ ತೆಗೆದುಕೊಂಡು ನೋಡಿ: ಇದು ಕೇಳುವುದಾ, ಆಗಲೇ ತೀರ್ಮಾನವಾದದ್ದಾ, ಸುಮ್ನೆ ಹಿನ್ನೆಲೆಯಾ? ನಿಜವಾದ ತೊಡಕು “ಭಾನುವಾರ ಮಾಡಿಸೋಣ ಅಂತಿದ್ದೇವೆ” ಅನ್ನುವಂಥ ಸಾಲಿನಲ್ಲಿದೆ. ಒಬ್ಬರಿಗೆ ಅದು ತೀರ್ಮಾನ, ಇನ್ನೊಬ್ಬರಿಗೆ ಸಲಹೆ. ದಿನ ಗಟ್ಟಿಯಾಗಿದ್ದರೆ “ಭಾನುವಾರ ಮಾಡಿಸುತ್ತೇವೆ” ಎಂದೇ ಬರೆಯಿರಿ. ಇಲ್ಲದಿದ್ದರೆ ಅದನ್ನೂ ಪ್ರಶ್ನೆ ಮಾಡಿ. ಆಮೇಲೆ ಜೋಡಿಸುವುದು ಸುಲಭ:

“ಸಂಪ್ ಕ್ಲೀನ್ ಮಾಡಿಸಲು ಪ್ರತಿ ಮನೆಯಿಂದ 300 ರೂಪಾಯಿ ಕೊಡಲು ಒಪ್ಪಿಗೆಯಾ? ಗುರುವಾರ ರಾತ್ರಿಯೊಳಗೆ ಮನೆ ನಂಬರ್ ಜೊತೆ ಹೌದು ಅಥವಾ ಇಲ್ಲ ಅಂತ ತಿಳಿಸಿ.
ತೀರ್ಮಾನವಾಗಿರುವುದು: ಭಾನುವಾರ ಮಾಡಿಸುತ್ತೇವೆ, ಅವತ್ತು ಬೆಳಿಗ್ಗೆ 8ರಿಂದ 1ರವರೆಗೆ ನೀರು ಇರಲ್ಲ.
ಹಿನ್ನೆಲೆ: ಹೋದ ವರ್ಷ ಕ್ಲೀನ್ ಮಾಡಿಸಿಲ್ಲ, ತಳದಲ್ಲಿ ಕೆಸರು ಕೂತಿದೆ.”

ಪಂಪ್ ರಿಪೇರಿಯ ಪ್ರಶ್ನೆಯನ್ನು ಇದರಲ್ಲಿ ಸೇರಿಸಬೇಡಿ. ಎರಡು ಪ್ರಶ್ನೆ ಇದ್ದರೆ ಜನ ಸುಲಭವಾದದ್ದಕ್ಕಷ್ಟೇ ಉತ್ತರ ಕೊಡುತ್ತಾರೆ, ಅಲ್ವಾ? ಅದನ್ನು ಬೇರೆ ಮೆಸೇಜ್‌ನಲ್ಲಿ ಕೇಳಿ.