ಒಂದೇ ರಕ್ತನಾಳಕ್ಕೆ ಎರಡು ಅಳತೆ ಬಂದದ್ದೇಕೆ?

ಪ್ರಶ್ನೆ: ನಮ್ಮ ಮಾವನವರಿಗೆ 62 ವರ್ಷ. ಏರು ಹತ್ತುವಾಗ ಎದೆ ಬಿಗಿದಂತಾಗುತ್ತದೆ ಎಂದದ್ದಕ್ಕೆ ಸಿಟಿ ಆಂಜಿಯೋಗ್ರಾಂ ಮಾಡಿಸಿದೆವು. ಎಲ್‌ಎಡಿ ನಾಳದಲ್ಲಿ ಕ್ಯಾಲ್ಸಿಯಂ ಕಟ್ಟಿದೆ, ಶೇ. 75ರಷ್ಟು ಬ್ಲಾಕ್ ಇದೆ ಎಂದು ವರದಿ ಬಂತು. ಹದಿನೈದು ದಿನ ಬಿಟ್ಟು ಕೈಯ ಮೂಲಕ ಆಂಜಿಯೋಗ್ರಾಂ ಮಾಡಿದವರು ಶೇ. 45 ಮಾತ್ರ, ಎಫ್‌ಎಫ್‌ಆರ್ 0.86, ಸ್ಟೆಂಟ್ ಬೇಡ ಎಂದರು. ಇವೆರಡರಲ್ಲಿ ಯಾವುದು ತಪ್ಪು? ಮೊದಲ ಪರೀಕ್ಷೆಗೆ ಕೊಟ್ಟ ಹಣ ದಂಡವಾಯಿತೇ?
— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಹಣ ದಂಡವಾಗಿಲ್ಲ. ಬ್ಲಾಕ್ ಎಷ್ಟು ಎಂಬ ಒಂದು ಅಂಕಿಯ ಮಟ್ಟಿಗೆ ಎರಡನೆಯ ವರದಿಯನ್ನೇ ನಂಬಬೇಕು. ಆದರೆ ಮೊದಲನೆಯದು ತೋರಿಸಿದ ಇನ್ನೊಂದು ಸಂಗತಿ ಎರಡನೆಯದರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಆ ವರದಿಯನ್ನು ಎಸೆಯಬೇಡಿ.

ಕೈಯ ಮೂಲಕ ಮಾಡುವ ಆಂಜಿಯೋಗ್ರಾಂನಲ್ಲಿ ಮಣಿಕಟ್ಟಿನ ಧಮನಿಯಿಂದ ಸುಮಾರು ಎರಡು ಮಿಲಿಮೀಟರ್ ದಪ್ಪದ ಕೊಳವೆಯೊಂದನ್ನು ಹೃದಯದ ರಕ್ತನಾಳದ ಬಾಯಿಯವರೆಗೆ ತೂರಿಸುತ್ತಾರೆ. ಅಲ್ಲಿ ಕೆಲವು ಮಿಲಿಲೀಟರ್ ಅಯೋಡಿನ್ ದ್ರಾವಣವನ್ನು, ಅಂದರೆ ಆಸ್ಪತ್ರೆಯವರು ಡೈ ಎನ್ನುವುದನ್ನು, ಬಿಟ್ಟೊಡನೆ ನಾಳದೊಳಗೆ ಹರಿಯುವ ಧಾರೆ ಎಕ್ಸ್-ರೇ ತೆರೆಯ ಮೇಲೆ ಕಪ್ಪಾಗಿ ಮೂಡುತ್ತದೆ. ಧಾರೆ ಎಲ್ಲಿ ಸಣ್ಣಗಾಗುತ್ತದೆಯೋ ಅಲ್ಲಿ ಬ್ಲಾಕ್ ಇದೆ ಎಂದು ಗುರುತಿಸುತ್ತಾರೆ. ಸುಮಾರು 0.2 ಮಿಲಿಮೀಟರ್‌ನಷ್ಟು ಸೂಕ್ಷ್ಮ ವಿವರವನ್ನೂ ಈ ಚಿತ್ರ ಬಿಡಿಸಿ ತೋರಿಸುತ್ತದೆ. ಮಿಡಿಯುವ ಹೃದಯವನ್ನು ಚಲಿಸುವಂತೆಯೇ ಸೆರೆಹಿಡಿಯುವುದರಿಂದ ಮಸುಕೂ ಕಡಿಮೆ.

ಸಿಟಿಯಲ್ಲಿ ಡೈ ಹೋಗುವುದು ತೋಳಿನ ಸಾಮಾನ್ಯ ಸಿರೆಯ ಮೂಲಕ. ಹೃದಯದ ಬಡಿತ ನಿಮಿಷಕ್ಕೆ 60ರ ಆಸುಪಾಸಿಗೆ ಇಳಿಯಲೆಂದು ಮಾತ್ರೆ ಕೊಟ್ಟು, ನಾಲಿಗೆಯ ಕೆಳಗೆ ನೈಟ್ರೋಗ್ಲಿಸರಿನ್ ಇಟ್ಟು, ಕೆಲವು ಕ್ಷಣ ಉಸಿರು ಬಿಗಿಹಿಡಿಯಲು ಹೇಳಿದ್ದು ನಿಮ್ಮ ಮಾವನವರಿಗೆ ನೆನಪಿರಬಹುದು. ಎರಡು ಬಡಿತಗಳ ನಡುವೆ ಹೃದಯ ಕ್ಷಣಕಾಲ ತಣ್ಣಗಿರುವಾಗ ಚಿತ್ರ ಹಿಡಿಯುವುದಕ್ಕೇ ಇಷ್ಟೆಲ್ಲ ಸಿದ್ಧತೆ. ಇಷ್ಟು ಮಾಡಿದರೂ ಈ ಯಂತ್ರ ಬಿಡಿಸಿ ತೋರುವ ಅತಿ ಸಣ್ಣ ಚುಕ್ಕಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಷ್ಟಿರುತ್ತದೆ.

ಈ ಅರ್ಧ ಮಿಲಿಮೀಟರಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಎಲ್‌ಎಡಿ ನಾಳ ಆ ಜಾಗದಲ್ಲಿ ಮೂರು ಮಿಲಿಮೀಟರ್ ಅಗಲವಿದೆ ಎಂದುಕೊಳ್ಳೋಣ. ಸಿಟಿಯ ಕಣ್ಣಿಗೆ ಅದು ಅಡ್ಡಲಾಗಿ ಜೋಡಿಸಿದ ಆರೇ ಆರು ಚುಕ್ಕಿ. ಶೇ. 45 ಬ್ಲಾಕ್ ಎಂದರೆ 1.65 ಮಿಲಿಮೀಟರ್ ದಾರಿ ಉಳಿದಿದೆ ಎಂದರ್ಥ, ಶೇ. 75 ಎಂದರೆ 0.75 ಮಿಲಿಮೀಟರ್. ಕೇಳಲು ಇಷ್ಟು ದೊಡ್ಡದೆನಿಸುವ ಅಂತರ ಅಳತೆಯಲ್ಲಿ ಎರಡು ಚುಕ್ಕಿಗೂ ಕಡಿಮೆ. ಇದರ ಮೇಲೆ ಕ್ಯಾಲ್ಸಿಯಂ ಇದ್ದರೆ ಇನ್ನೊಂದು ತೊಡಕು ಬರುತ್ತದೆ. ಅದು ಎಕ್ಸ್ ಕಿರಣಗಳನ್ನು ಬಲವಾಗಿ ತಡೆಯುವುದರಿಂದ ಸಿಟಿ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಮತ್ತು ಆ ಬಿಳುಪು ತನ್ನ ನಿಜವಾದ ಅಂಚನ್ನು ದಾಟಿ ಪಕ್ಕದ ಚುಕ್ಕಿಗಳಿಗೂ ಹರಡುತ್ತದೆ. ನಾಳದ ಎರಡೂ ಬದಿ ಕ್ಯಾಲ್ಸಿಯಂ ಇದ್ದರೆ ತೆರೆದಿರುವ ದಾರಿ ಎರಡೂ ಕಡೆಯಿಂದ ಕಿರಿದಾದಂತೆ ಕಾಣುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಹೆಚ್ಚಿರುವ ಕಡೆ ಸಿಟಿ ಬ್ಲಾಕನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುವುದು ತಜ್ಞರಿಗೆ ಹೊಸದಲ್ಲ. ನಿಮ್ಮಲ್ಲಿ ಆದದ್ದೂ ಬಹುಮಟ್ಟಿಗೆ ಇದೇ ಇರಬೇಕು. ಇದೇ ಸಿಟಿ ನಾಳಗಳು ಸ್ವಚ್ಛವಾಗಿವೆ ಎಂದು ತೋರಿಸಿದ್ದರೆ ಆ ಮಾತನ್ನು ಧಾರಾಳವಾಗಿ ನಂಬಬಹುದಿತ್ತು, ಕೊಳವೆ ತೂರಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಅಪರೂಪಕ್ಕಾದರೂ ಪಾರ್ಶ್ವವಾಯು, ಹೃದಯಾಘಾತಗಳ ಅಪಾಯವಿರುವ ಪರೀಕ್ಷೆಯೊಂದನ್ನು ಹೀಗೆ ತಪ್ಪಿಸಲು ಸಾಧ್ಯವಿರುವುದರಿಂದಲೇ ಅನೇಕರಿಗೆ ಮೊದಲು ಸಿಟಿ ಮಾಡಿಸುತ್ತಾರೆ.

ಹಾಗೆಂದು ಕೊಳವೆಯ ಆಂಜಿಯೋಗ್ರಾಂ ಎಲ್ಲವನ್ನೂ ಕಾಣುತ್ತದೆ ಎಂದುಕೊಳ್ಳಬೇಡಿ. ಅದು ತೋರಿಸುವುದು ಧಾರೆಯ ನೆರಳನ್ನು. ಧಾರೆಯನ್ನು ಹಿಡಿದಿಟ್ಟಿರುವ ಗೋಡೆ ಅದರಲ್ಲಿ ಕಾಣುವುದಿಲ್ಲ. ಉಳಿದ ದಾರಿ ದುಂಡಗಿರದೆ ಸೀಳಿನಂತೆ ಚಪ್ಪಟೆಯಾಗಿದ್ದರೆ ಒಂದು ಕೋನದಿಂದ ಅಗಲವಾಗಿಯೂ ಇನ್ನೊಂದರಿಂದ ಕಿರಿದಾಗಿಯೂ ಕಾಣುತ್ತದೆ. ಕ್ಯಾಥ್ ಲ್ಯಾಬ್‌ನಲ್ಲಿ ಎಕ್ಸ್-ರೇ ತೋಳನ್ನು ರೋಗಿಯ ಸುತ್ತ ಮತ್ತೆ ಮತ್ತೆ ತಿರುಗಿಸುವುದು ಇದಕ್ಕಾಗಿ. ಆದರೂ ಗೋಡೆಯೊಳಗಿನ ಕೊಬ್ಬು ಯಾವ ಕೋನದಲ್ಲೂ ಸಿಕ್ಕುವುದಿಲ್ಲ. ಕೊಬ್ಬು ಸೇರತೊಡಗಿದಾಗ ನಾಳ ಮೊದಮೊದಲು ಹೊರಕ್ಕೆ ಹಿಗ್ಗಿಕೊಂಡು ಒಳದಾರಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಗ್ಲಾಗೋವ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಮೃತರ ಹೃದಯಗಳನ್ನು ಪರೀಕ್ಷಿಸಿ, ನಾಳದ ಅಡ್ಡಕೊಯ್ತದಲ್ಲಿ ಸುಮಾರು ಶೇ. 40ರಷ್ಟನ್ನು ಕೊಬ್ಬಿನ ಗಡ್ಡೆ ಆಕ್ರಮಿಸುವವರೆಗೆ ಒಳದಾರಿ ಹೆಚ್ಚೇನೂ ಕುಗ್ಗುವುದಿಲ್ಲ ಎಂದು ತೋರಿಸಿದರು. ಅಂಥ ನಾಳ ಕೊಳವೆಯ ಚಿತ್ರದಲ್ಲಿ ಆರೋಗ್ಯವಾಗಿರುವಂತೆ ಕಾಣಬಹುದು, ಸಿಟಿಯಲ್ಲಿ ಮಾತ್ರ ಅದರ ಗೋಡೆ ಎದ್ದು ಕಾಣುತ್ತದೆ. ಹೃದಯಾಘಾತ ತರುವ ಬಿರುಕು ಎಷ್ಟೋ ಬಾರಿ ದಾರಿಯನ್ನು ಅಷ್ಟೇನೂ ಕಿರಿದಾಗಿಸದ ಗಡ್ಡೆಯಲ್ಲೇ ಬೀಳುತ್ತದೆ ಎಂಬುದನ್ನು ನೆನೆದರೆ, ಮೊದಲ ವರದಿಯಲ್ಲಿ ಗೋಡೆಯ ಬಗ್ಗೆ ಬರೆದಿರುವ ಸಾಲುಗಳು ಶೇ. 75 ಎಂಬ ಅಂಕಿಗಿಂತ ನನಗೆ ಹೆಚ್ಚು ಮುಖ್ಯವೆನಿಸುತ್ತವೆ.

ಇನ್ನು ಎಫ್‌ಎಫ್‌ಆರ್. ಶೇ. 45 ಎಂಬುದು ಆಕಾರದ ಅಳತೆ. ಆ ಬ್ಲಾಕ್ ರಕ್ತದ ಹರಿವಿಗೆ ನಿಜವಾಗಿ ಎಷ್ಟು ಅಡ್ಡಿಯಾಗಿದೆ ಎಂಬುದನ್ನು ಆಕಾರದಿಂದ ಖಚಿತವಾಗಿ ಹೇಳಲಾಗುವುದಿಲ್ಲ. ಅದಕ್ಕೆ ತುದಿಯ ಬಳಿ ಒತ್ತಡಮಾಪಕವಿರುವ ಕೂದಲೆಳೆಯಂಥ ತಂತಿಯನ್ನು ಬ್ಲಾಕ್‌ನ ಆಚೆಗೆ ದಾಟಿಸಿ, ಹರಿವನ್ನು ಹೆಚ್ಚಿಸುವ ಅಡೆನೊಸಿನ್‌ನಂಥ ಔಷಧಿ ಕೊಟ್ಟು, ಆಚೆಯ ಒತ್ತಡವನ್ನು ಈಚೆಯ ಒತ್ತಡದಿಂದ ಭಾಗಿಸುತ್ತಾರೆ. ಈಚೆಗೆ 100 ಇದ್ದು ಆಚೆಗೆ 86 ಉಳಿದರೆ 0.86. ಸಾಮಾನ್ಯವಾಗಿ 0.80 ಅಥವಾ ಅದಕ್ಕೂ ಕಡಿಮೆ ಬಂದಾಗ ಸ್ಟೆಂಟ್‌ನ ಮಾತು ಬರುತ್ತದೆ. ನಿಮ್ಮ ಮಾವನವರ ಅಳತೆ ಅದಕ್ಕಿಂತ ಮೇಲಿದೆ. ವೈದ್ಯರು ಕಣ್ಣಂದಾಜಿಗೆ ಬಿಡದೆ ತಂತಿ ಹಾಕಿ ನೋಡಿದ್ದು ಬಹಳ ಒಳ್ಳೆಯ ಕೆಲಸ.

ಆದರೆ ಏರು ಹತ್ತುವಾಗ ಎದೆ ಬಿಗಿಯುವುದು ಏಕೆ ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ಹೃದಯದ ಸ್ನಾಯುವಿನೊಳಗೆ ಅರ್ಧ ಮಿಲಿಮೀಟರ್‌ಗಿಂತ ಸಣ್ಣ ನಾಳಗಳ ಜಾಲವೇ ಇದೆ. ಅವು ಸರಿಯಾಗಿ ಹಿಗ್ಗದಿದ್ದರೂ ಇಂಥದೇ ನೋವು ಬರುತ್ತದೆ, ಮತ್ತು ಅವುಗಳನ್ನು ಈ ಎರಡೂ ಪರೀಕ್ಷೆಗಳು ತೋರಿಸಲಾರವು. ಮುಂದಿನ ಭೇಟಿಗೆ ಎರಡೂ ಪರೀಕ್ಷೆಗಳ ಸಿಡಿ ಮತ್ತು ವರದಿಗಳನ್ನು ಜೊತೆಗೇ ಒಯ್ಯಿರಿ. ನೋವು ಇನ್ನೂ ಇದೆಯೇ, ಎಷ್ಟು ಮೆಟ್ಟಿಲು ಹತ್ತಿದರೆ ಬರುತ್ತದೆ, ನಿಂತರೆ ಎಷ್ಟು ಹೊತ್ತಿಗೆ ಹೋಗುತ್ತದೆ ಎಂಬುದನ್ನು ಮಾವನವರೇ ಹೇಳಲಿ. ಕುಳಿತಾಗಲೂ ಎದೆ ಬಿಗಿದರೆ, ಅಥವಾ ಬಿಗಿತ ಹತ್ತು ನಿಮಿಷವಾದರೂ ಹೋಗದಿದ್ದರೆ, ಆ ಭೇಟಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ‘ಸ್ಟೆಂಟ್ ಬೇಡ’ ಎಂದದ್ದನ್ನು ‘ಮಾತ್ರೆ ಬೇಡ’ ಎಂದು ತಿಳಿದು ಕೊಬ್ಬಿನ ಮಾತ್ರೆ ನಿಲ್ಲಿಸಿದವರನ್ನು ಕಂಡಿದ್ದೇನೆ, ನೀವು ಹಾಗೆ ಮಾಡಬೇಡಿ. ನಾಳದ ಗೋಡೆಯಲ್ಲಿ ಸಿಟಿ ಕಂಡ ಗಡ್ಡೆ ಈಗಲೂ ಅಲ್ಲೇ ಇದೆ, ಆ ಮಾತ್ರೆ ಕೊಡುವುದು ಅದಕ್ಕಾಗಿಯೇ.